ಹುಳಿ, ಹುಲಿ, ಹುಳು: ಕರೋಸೆಲ್ಲಿನ ಕನ್ನಡಕ್ಕೆ ಯಾವ ಲಿಪಿ?

ಅಂಕೋಲಾ ತಾಲೂಕಿನ ಒಂದು ತೋಟದ ಮನೆಯವರು ಕರಿ ಇಶಾಡ್ ಮಾವಿನ ಹಣ್ಣನ್ನು ನೇರವಾಗಿ ಗಿರಾಕಿಗಳಿಗೆ ಮಾರಬೇಕೆಂದು ನಿಶ್ಚಯಿಸಿ, ಇನ್‌ಸ್ಟಾಗ್ರಾಮಿಗೆ ಆರು ಸ್ಲೈಡುಗಳ ಒಂದು ಕರೋಸೆಲ್, ಅಂದರೆ ಬೆರಳಿನಿಂದ ಪಕ್ಕಕ್ಕೆ ಸರಿಸುತ್ತ ನೋಡುವ ಚಿತ್ರಗಳ ಸಾಲು, ಮಾಡಿಕೊಡಲು ನನ್ನನ್ನು ಕೇಳಿದ್ದರು. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು ಅದು. ಹೆಸರಿಗೆ ತೂಕವಿತ್ತು, ಹೇಳಬೇಕಾದ ಮಾತೂ ಹೆಚ್ಚಿರಲಿಲ್ಲ. ಈಗ ಎಲ್ಲರೂ ಹಾಗೆಯೇ ಟೈಪ್ ಮಾಡುತ್ತಾರೆ, ಆದ್ದರಿಂದ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿಯೇ ಹಾಕಿ ಎಂದು ಆ ಮನೆಯ ಮಗ ಹೇಳಿದ. ನಾನೂ ಒಪ್ಪಿ ಮೊದಲ ಸ್ಲೈಡನ್ನು ಹೀಗೆ ಬರೆದೆ:

```
Huli illa, bari sihi.
```

ಪೋಸ್ಟ್ ಮಾಡುವ ಮುನ್ನ ಅದನ್ನು ಪೇಟೆಯಲ್ಲಿ ಹಣ್ಣು ಮಾರುವ ಒಬ್ಬ ಹೆಂಗಸಿಗೆ ತೋರಿಸಿದೆ. ಅವರು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವರು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಬಲ್ಲರು. ನಿಧಾನವಾಗಿ ಬೆರಳಿಟ್ಟು ಓದಿ, “ಹುಲಿ ಇಲ್ಲ ಅಂದ್ರೆ ಎಂತದು? ತೋಟಕ್ಕೆ ಹುಲಿ ಬತ್ತಿತ್ತಾ?” ಎಂದು ಕೇಳಿದರು. ಅವರ ಓದಿನಲ್ಲಿ ಯಾವ ತಪ್ಪೂ ಇರಲಿಲ್ಲ. ಹಣ್ಣು ಹುಳಿಯಾಗಿಲ್ಲ ಎಂದು ಹೇಳಹೊರಟ ನಾನು, ಹುಳಿಗೂ ಹುಲಿಗೂ ಒಂದೇ ರೂಪವಿರುವ ಲಿಪಿಯನ್ನು ಆರಿಸಿಕೊಂಡಿದ್ದೆ. ಅದೇ ಕರೋಸೆಲ್ಲಿನ ನಾಲ್ಕನೆಯ ಸ್ಲೈಡಿನಲ್ಲಿ, ಕಾಯಿಯನ್ನು ಹುಲ್ಲಿನ ಮೇಲೆ ಹರಡಿ ಇಡಬೇಕೆಂದು ಬರೆಯುವಾಗ `hullu` ಎಂಬಲ್ಲಿ ಒಂದು `l` ಬಿಟ್ಟುಹೋಗಿತ್ತು. ಆಗ ಅದು `hulu` ಆಗುತ್ತದೆ, ಅಂದರೆ ಹುಳು. ಹಣ್ಣು ಮಾರುವವರ ಜಾಹೀರಾತಿನಲ್ಲಿ ಇರಲೇಬಾರದ ಪದ ಅದೊಂದೇ.

ಈ ತೊಡಕು ನನ್ನ ಅಜಾಗರೂಕತೆಯಿಂದ ಮಾತ್ರ ಹುಟ್ಟಿದ್ದಲ್ಲ. ನಾವು ದಿನನಿತ್ಯ ಮೊಬೈಲಿನಲ್ಲಿ ಟೈಪ್ ಮಾಡುವ ರೀತಿಯಲ್ಲಿ `t` ಎಂಬ ಒಂದು ಅಕ್ಷರವು ತ, ಥ, ಟ, ಠ ಎಂಬ ನಾಲ್ಕಕ್ಕೂ ನಿಲ್ಲುತ್ತದೆ; `d` ಕೂಡ ಹಾಗೆಯೇ ನಾಲ್ಕು ಅಕ್ಷರಗಳ ಭಾರ ಹೊರುತ್ತದೆ; ಲ ಮತ್ತು ಳ, ನ ಮತ್ತು ಣ ಒಂದಾಗುತ್ತವೆ; ಹ್ರಸ್ವ ದೀರ್ಘಗಳ ವ್ಯತ್ಯಾಸವು ಬರೆಯುವವರ ಮನಸ್ಸಿಗೆ ಬಂದಾಗ ಉಳಿಯುತ್ತದೆ, ಇಲ್ಲದಿದ್ದರೆ ಅಳಿಯುತ್ತದೆ. ಹೀಗಾಗಿ `bale` ಎಂದು ಬರೆದರೆ ಅದು ಮೀನು ಹಿಡಿಯುವ ಬಲೆಯೂ ಹೌದು, ಕೈಯ ಬಳೆಯೂ ಹೌದು, ಊಟದ ಬಾಳೆಯೂ ಹೌದು. ಕಾರವಾರದಂತಹ ಊರಿನಲ್ಲಿ ಈ ಮೂರೂ ಒಂದೇ ಬೀದಿಯಲ್ಲಿ ಮಾರಾಟವಾಗುವುದರಿಂದ ಸಂದರ್ಭ ನೋಡಿಯೂ ನಿರ್ಧರಿಸಲು ಬರುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಂದರೆಯಿದೆ. `hole`, `male`, `tale`, `mane` ಎಂಬ ನಮ್ಮ ತೀರ ಸಾಮಾನ್ಯ ಪದಗಳು ಇಂಗ್ಲಿಷಿನಲ್ಲಿಯೂ ಪದಗಳೇ ಆಗಿವೆ. ಇಂಗ್ಲಿಷ್ ಓದಿ ರೂಢಿಯಾದ ಕಣ್ಣು ಕಾಳಿ ಹೊಳೆಯ ಚಿತ್ರದ ಮೇಲೆ `Kali hole` ಎಂದು ಕಂಡಾಗ ಮೊದಲು ತೂತನ್ನೇ ಓದುತ್ತದೆ, ಆಮೇಲೆ ತಿದ್ದಿಕೊಳ್ಳುತ್ತದೆ. ಆ ತಿದ್ದುಪಡಿಗೆ ಹಿಡಿಯುವ ಅರೆಕ್ಷಣದಲ್ಲಿಯೇ ಹೆಬ್ಬೆರಳು ಸ್ಲೈಡನ್ನು ಮೇಲಕ್ಕೆ ತಳ್ಳಿಬಿಟ್ಟಿರುತ್ತದೆ.

ಕರೋಸೆಲ್ಲಿನ ಬರಹವನ್ನು ಬೇರೆ ಬರಹಗಳಿಂದ ಬೇರ್ಪಡಿಸುವುದು ಈ ಅರೆಕ್ಷಣವೇ. ರೂಢಿಯಿರುವ ಲಿಪಿಯಲ್ಲಿ ಪರಿಚಿತ ಪದವೊಂದು ಎದುರಾದಾಗ ನಾವು ಅದನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದುವುದಿಲ್ಲ. ಪರಿಚಯದವರ ಮುಖ ಗುರುತಿಸಿದಂತೆ ಒಂದೇ ನೋಟಕ್ಕೆ ಗುರುತಿಸುತ್ತೇವೆ. ‘ಉಪ್ಪಿನಕಾಯಿ’ ಎಂಬ ಪದವನ್ನು ಕನ್ನಡದಲ್ಲಿ ಓದಿ ಬೆಳೆದವರಿಗೆ ಒಂದು ನೋಟವೇ ಸಾಕು. ಅದೇ ಪದವನ್ನು `uppinakayi` ಎಂದು ಬರೆದರೆ ಅವರು ಮನಸ್ಸಿನಲ್ಲಿಯೇ ಅದನ್ನು ಉಚ್ಚರಿಸಿ, ಕಿವಿಗೆ ಕೇಳಿಸಿಕೊಂಡು, ಅರ್ಥಕ್ಕೆ ಬರಬೇಕಾಗುತ್ತದೆ. ಒಂದು ಪದವಾದರೆ ಇದು ದೊಡ್ಡ ಶ್ರಮವಲ್ಲ. ಆದರೆ ಎಂಟು ಹತ್ತು ಪದಗಳ ವಾಕ್ಯದಲ್ಲಿ ವಿಭಕ್ತಿ ಪ್ರತ್ಯಯಗಳೂ ಸೇರಿ ಪದಗಳು ಉದ್ದವಾದಾಗ, ಓದುಗರು ವಾಕ್ಯದ ತುದಿ ಮುಟ್ಟುವ ಮೊದಲೇ ಅದರ ಆರಂಭವನ್ನು ಮರೆಯುತ್ತಾರೆ.

ಹಾಗಾದರೆ ಆ ಮಗ ಹೇಳಿದ ಮಾತು ಸುಳ್ಳೇ? ಸುಳ್ಳಲ್ಲ. ಆ ತೋಟದ ಖಾತೆಗೆ ಬಂದ ಸಂದೇಶಗಳಲ್ಲಿ ಬಹುಪಾಲು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿಯೇ ಇದ್ದವು. ಆದರೆ ಅದರಿಂದ ಅವನು ಎಳೆದ ತೀರ್ಮಾನ ತಪ್ಪಾಗಿತ್ತು, ಮತ್ತು ಈ ವಿಷಯದಲ್ಲಿ ನಾನು ಕಂಡ ಅತ್ಯಂತ ಸಾಮಾನ್ಯವಾದ ತಪ್ಪು ಅದೇ. ಜನ ಯಾವ ಲಿಪಿಯಲ್ಲಿ ಟೈಪ್ ಮಾಡುತ್ತಾರೆ ಎಂಬುದು ಅವರ ಕೀಬೋರ್ಡಿನ ಅನುಕೂಲವನ್ನು ತಿಳಿಸುತ್ತದೆಯೇ ಹೊರತು ಅವರ ಓದಿನ ಅನುಕೂಲವನ್ನಲ್ಲ. ಶಿರಸಿಯ ನನ್ನ ಮಾವನವರು ಬೆಳಿಗ್ಗೆ ಕನ್ನಡ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಆದರೆ ವಾಟ್ಸಾಪಿನಲ್ಲಿ ಅವರ ಉತ್ತರ ಯಾವಾಗಲೂ `aytu, nale bartene` ಎಂದೇ ಇರುತ್ತದೆ, ಏಕೆಂದರೆ ಒತ್ತಕ್ಷರ ಹುಡುಕುವ ವ್ಯವಧಾನ ಅವರಿಗಿಲ್ಲ. ಅವರ ಸಂದೇಶವನ್ನು ನೋಡಿ ಅವರಿಗೆ ಇಂಗ್ಲಿಷ್ ಅಕ್ಷರದ ಸ್ಲೈಡು ಹಿತವೆಂದು ಭಾವಿಸಿದರೆ ಅವರನ್ನು ನಾವು ಕಳೆದುಕೊಳ್ಳುತ್ತೇವೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ವಯಸ್ಸಿನದ್ದಲ್ಲ, ಟೈಪ್ ಮಾಡುವ ಅಭ್ಯಾಸದ್ದೂ ಅಲ್ಲ. ಇವರು ದಿನಾಲೂ ಯಾವ ಲಿಪಿಯಲ್ಲಿ ಕನ್ನಡ ಓದುತ್ತಾರೆ ಎಂಬುದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಮನೆಮಾತು ಹವ್ಯಕ ಕನ್ನಡವಿರಲಿ ಬೇರೆ ಇರಲಿ, ಓದು ಬಹುತೇಕ ಕನ್ನಡ ಲಿಪಿಯಲ್ಲಿಯೇ ನಡೆಯುತ್ತದೆ. ಕರಾವಳಿಯಲ್ಲಿ ಮನೆಮಾತು ಕೊಂಕಣಿಯಾಗಿರುವ ಬಹಳ ಜನ ಕನ್ನಡ ಶಾಲೆಯಲ್ಲಿ ಓದಿದವರು. ಅವರಲ್ಲಿ ಅನೇಕರು ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲಿಯೇ ಓದುತ್ತಾರೆ. ಮಾತೃಭಾಷೆ ಕೊಂಕಣಿ ಎಂಬ ಕಾರಣಕ್ಕೆ ಅವರಿಗೆ ಕನ್ನಡ ಲಿಪಿ ಕಷ್ಟವೆಂದು ತಿಳಿಯುವುದು ತಪ್ಪು ಲೆಕ್ಕ. ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿಯ ಕಡೆ ಹೋದರೆ ಮರಾಠಿ ಶಾಲೆಯಲ್ಲಿ ಕಲಿತ ಹಿರಿಯರು ಸಿಗುತ್ತಾರೆ. ಅವರಿಗೆ ಒಗ್ಗಿದ್ದು ದೇವನಾಗರಿ. ಇನ್ನು ಇದೇ ಜಿಲ್ಲೆಯ ಮನೆಗಳಿಂದ ಹೋಗಿ ಮುಂಬಯಿ, ಪುಣೆಗಳಲ್ಲಿ ನೆಲೆಸಿದವರ ಮಕ್ಕಳಿದ್ದಾರೆ. ಅವರು ಮನೆಯಲ್ಲಿ ಕನ್ನಡವನ್ನು ನಿರರ್ಗಳವಾಗಿ ಆಡುತ್ತಾರೆ, ಅಜ್ಜಿಯ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರೆ, ಆದರೆ ಕನ್ನಡ ಅಕ್ಷರ ಕಲಿಯುವ ಅವಕಾಶ ಅವರಿಗೆ ಸಿಕ್ಕಿಲ್ಲ. ಇಂಗ್ಲಿಷ್ ಅಕ್ಷರದ ಕನ್ನಡ ನಿಜವಾಗಿ ಬೇಕಾದದ್ದು ಇವರಿಗೆ. ಆ ಬರಹ ಅವರ ಪಾಲಿಗೆ ಕೀಳಾದದ್ದೆಂದು ಯಾರೂ ಹೇಳಬಾರದೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ತಮ್ಮ ಭಾಷೆಯನ್ನು ಕಣ್ಣಿನಿಂದ ನೋಡಲು ಅವರಿಗಿರುವ ಬಾಗಿಲು ಅದೊಂದೇ.

ಐದನೆಯ ಗುಂಪೊಂದಿದೆ, ಮತ್ತು ಅದರ ವಿಷಯದಲ್ಲಿ ಕಾರವಾರದಲ್ಲಿ ಮತ್ತೆ ಮತ್ತೆ ಎಡವುವುದನ್ನು ನೋಡಿದ್ದೇನೆ. ನೌಕಾನೆಲೆಯ ವಸತಿಗಳಲ್ಲಿ, ಕೈಗಾದ ವಸತಿಗಳಲ್ಲಿ ಹೊರರಾಜ್ಯಗಳಿಂದ ಬಂದ ಕುಟುಂಬಗಳಿವೆ. ಅವರಿಗೂ ತಲುಪಲಿ ಎಂಬ ಸದುದ್ದೇಶದಿಂದ ಅಂಗಡಿಯವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿಸುತ್ತಾರೆ. ಲಿಪಿ ಬದಲಾಯಿಸಿದರೆ ಲಿಪಿಯ ಗೋಡೆ ಬೀಳುತ್ತದೆ, ಭಾಷೆಯ ಗೋಡೆ ಬೀಳುವುದಿಲ್ಲ. ಕನ್ನಡವೇ ಗೊತ್ತಿಲ್ಲದವರಿಗೆ `hannu siddhavide` ಎಂಬುದು ಓದಲು ಬಂದರೂ ಅರ್ಥವಾಗದ ಸದ್ದು ಮಾತ್ರ. ಅವರಿಗೆ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಪ್ರತ್ಯೇಕವಾಗಿ ಬರೆಯಬೇಕು. ಮಧ್ಯದ ದಾರಿ ಇಲ್ಲ.

ಓದುಗರು ಯಾರೆಂದು ತಿಳಿದ ಮೇಲೆ, ಸ್ಲೈಡಿನಲ್ಲಿರುವುದು ಯಾವ ಕನ್ನಡ ಎಂಬುದನ್ನೂ ನೋಡಬೇಕು. ಬರಹದ ಕನ್ನಡವನ್ನು, ಅಂದರೆ ‘ಕಾಯಿಗಳನ್ನು ಬಿಡಿಬಿಡಿಯಾಗಿ ಇರಿಸಿ’ ಎಂಬಂತಹ ವಾಕ್ಯವನ್ನು, ಜನ ಕನ್ನಡ ಲಿಪಿಯಲ್ಲಿಯೇ ನೋಡಿ ಅಭ್ಯಾಸವಾದವರು. ಇಂಗ್ಲಿಷ್ ಅಕ್ಷರದಲ್ಲಿ ಅದು ಯಾವ ಓದುಗರಿಗೂ ಪರಿಚಿತವಲ್ಲ. ಆಡುಮಾತಿನ ಸಂಗತಿ ಬೇರೆ. `Yavag bartri?` ಎಂಬುದನ್ನು ನಾವು ಚಾಟಿನಲ್ಲಿ ನೂರಾರು ಸಲ ಆ ರೂಪದಲ್ಲಿಯೇ ಕಂಡಿದ್ದೇವೆ. ಅದೇ ಮಾತನ್ನು ಕನ್ನಡ ಲಿಪಿಯಲ್ಲಿ ‘ಯಾವಾಗ್ ಬರ್ತ್ರಿ’ ಎಂದು ಬರೆದರೆ ಒತ್ತುಗಳು ಒಂದರ ಮೇಲೊಂದು ಬಿದ್ದು ಕಣ್ಣಿಗೆ ಹೊಸದಾಗಿ ಕಾಣುತ್ತದೆ. ಅಂದರೆ ಆಡುಮಾತಿನ ಚಿಕ್ಕ ಸಾಲಿನಲ್ಲಿ ಕನ್ನಡ ಲಿಪಿಗೆ ಇರುವ ಪರಿಚಯದ ಅನುಕೂಲ ಕಡಿಮೆಯಾಗುತ್ತದೆ, ವಿವರಣೆಯ ಸಾಲಿನಲ್ಲಿ ಅದು ಪೂರ್ಣವಾಗಿ ಉಳಿಯುತ್ತದೆ. ನಾನು ಇಂಗ್ಲಿಷ್ ಅಕ್ಷರದ ಸ್ಲೈಡಿನಲ್ಲಿ ಆರೇಳು ಪದಗಳಿಗಿಂತ ಹೆಚ್ಚು ಬರೆಯದಿರಲು, ಮತ್ತು ಬರೆದದ್ದು ಬಾಯಲ್ಲಿ ಆಡುವ ಮಾತೇ ಆಗಿರಬೇಕೆಂದು ಹಟ ಹಿಡಿಯಲು ಇದೇ ಕಾರಣ.

ಅಂತಹ ಸ್ಲೈಡು ಬರೆಯುವಾಗ ಕಾಗುಣಿತವನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ದೀರ್ಘಕ್ಕೆ `aa` ಬಳಸುವುದಾದರೆ ಆರೂ ಸ್ಲೈಡುಗಳಲ್ಲಿ ಬಳಸಬೇಕು. ‘ಬರಹ’ ಎಂಬ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿ ಅಭ್ಯಾಸವಾದವರು ‘ಹಳ್ಳಿ’ಗೆ `haLLi` ಎಂದು ದೊಡ್ಡ ಅಕ್ಷರ ಹಾಕುತ್ತಾರೆ, ಅದು ಯಂತ್ರಕ್ಕೆ ಹೇಳುವ ಸಂಕೇತವೇ ಹೊರತು ಓದುಗರಿಗಲ್ಲ, ಸಾಮಾನ್ಯ ಓದುಗರಿಗೆ ಅದು ಅಚ್ಚಿನ ತಪ್ಪಿನಂತೆ ಕಾಣುತ್ತದೆ. ಎರಡು ಅರ್ಥ ಕೊಡುವ ಪದ ಸಿಕ್ಕಿದರೆ ಕಾಗುಣಿತದೊಂದಿಗೆ ಗುದ್ದಾಡುವುದಕ್ಕಿಂತ ಪದವನ್ನೇ ಬದಲಿಸುವುದು ಸುಲಭ. `Huli illa` ಎಂಬುದನ್ನು ತೆಗೆದು `Jenu thara sihi` ಎಂದು ಬರೆದರೆ ಹುಲಿಯೂ ಬರುವುದಿಲ್ಲ, ಹುಳುವೂ ಬರುವುದಿಲ್ಲ.

ಅನುಮಾನ ಉಳಿದರೆ ಓದಿಸಿ ನೋಡುವುದೇ ದಾರಿ. ಸ್ಲೈಡನ್ನು ಕಂಪ್ಯೂಟರಿನಲ್ಲಿ ತೋರಿಸಬಾರದು. ಮೊಬೈಲಿಗೆ ಕಳಿಸಿ, ಉದ್ದೇಶಿತ ಓದುಗರ ಪೈಕಿ ಐದು ಜನರ ಕೈಗೆ ಒಬ್ಬೊಬ್ಬರಾಗಿ ಕೊಟ್ಟು, ಗಟ್ಟಿಯಾಗಿ ಓದಿ ಎಂದು ಕೇಳಬೇಕು. ಎಲ್ಲಿ ನಿಂತರು, ಎಲ್ಲಿ ಹಿಂದಕ್ಕೆ ಹೋಗಿ ಮತ್ತೆ ಓದಿದರು, ಯಾವ ಪದವನ್ನು ಬೇರೆ ಪದವಾಗಿ ಉಚ್ಚರಿಸಿದರು ಎಂಬುದನ್ನು ಮಾತ್ರ ಗುರುತು ಹಾಕಿಕೊಳ್ಳಬೇಕು. ‘ಯಾವುದು ಚೆನ್ನಾಗಿದೆ’ ಎಂದು ಕೇಳಿದರೆ ಪ್ರಯೋಜನವಿಲ್ಲ. ಆ ಪ್ರಶ್ನೆಗೆ ಜನ ನಮ್ಮ ಮನಸ್ಸಿಗೆ ಹಿತವಾಗುವ ಉತ್ತರ ಕೊಡುತ್ತಾರೆ. ಮಾವಿನ ಹಣ್ಣಿನ ಕರೋಸೆಲ್ಲನ್ನು ಹೀಗೆ ಎರಡೂ ಲಿಪಿಯಲ್ಲಿ ಓದಿಸಿದಾಗ, ಅಂಕೋಲಾ ಮತ್ತು ಶಿರಸಿಯವರು ಕನ್ನಡ ಲಿಪಿಯ ನಾಲ್ಕನೆಯ ಸ್ಲೈಡನ್ನು ಒಂದೇ ಉಸಿರಿಗೆ ಓದಿದರು. ಮುಂಬಯಿಯಿಂದ ರಜೆಗೆ ಬಂದಿದ್ದ ಹುಡುಗಿಯೊಬ್ಬಳು ಆ ಸ್ಲೈಡನ್ನು ನೋಡಿ ಸುಮ್ಮನಾದಳು. ಇಂಗ್ಲಿಷ್ ಅಕ್ಷರದ್ದನ್ನು ಕೊಟ್ಟಾಗ ಮೊದಲ ಎರಡು ಸ್ಲೈಡುಗಳನ್ನು ಸರಾಗವಾಗಿ ಓದಿದವಳು, ಕಾಯಿ ಹಣ್ಣು ಮಾಡುವ ವಿಧಾನದ ಉದ್ದ ವಾಕ್ಯದಲ್ಲಿ ಎರಡು ಕಡೆ ನಿಂತಳು. ಅವಳಿಗೆ ಬೇಕಾದ ಲಿಪಿಯಲ್ಲಿಯೇ ಇದ್ದರೂ ಆ ವಾಕ್ಯ ಅವಳನ್ನು ತಲುಪಲಿಲ್ಲ.

ಕನ್ನಡ ಲಿಪಿಯನ್ನು ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಚಿತ್ರದಲ್ಲಿ ಅಕ್ಷರ ಕೆಟ್ಟರೆ ಎಷ್ಟು ಒಳ್ಳೆಯ ನಿರ್ಧಾರವೂ ವ್ಯರ್ಥ. ಕೆಲವು ತಂತ್ರಾಂಶಗಳು ಒತ್ತಕ್ಷರವನ್ನು ಕೂಡಿಸುವುದಿಲ್ಲ. ‘ಉಪ್ಪಿನಕಾಯಿ’ಯು ‘ಉಪ್‌ಪಿನಕಾಯಿ’ ಎಂದು ಒಡೆದು ಬರುತ್ತದೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಅಕ್ಷರಗಳಿಗೆ ಸಂಬಂಧಿಸಿದ ಸೆಟ್ಟಿಂಗಿಗೆ ಹೋಗಿ `Middle Eastern and South Asian` ಎಂಬುದನ್ನು ಆರಿಸಿದರೆ ಇದು ಸರಿಹೋಗುತ್ತದೆ. ಡಿಟಿಪಿ ಅಂಗಡಿಯಿಂದ ಬಂದ, ‘ನುಡಿ’ ತಂತ್ರಾಂಶದ ಹಳೆಯ ಕಡತದ ಪಠ್ಯವನ್ನು ಹಾಗೆಯೇ ನಕಲು ಮಾಡಿ ಅಂಟಿಸಿದರೆ ‘ಕನ್ನಡ’ ಎಂಬುದು `PÀ£ÀßqÀ` ಎಂದು ಕಾಣುತ್ತದೆ. ಅದು ಯೂನಿಕೋಡ್ ಅಲ್ಲದ ಪಠ್ಯ, ಮೊದಲು ಪರಿವರ್ತಿಸಿಕೊಳ್ಳಬೇಕು. ಇವೆರಡೂ ಕಣ್ಣಿಗೆ ತಕ್ಷಣ ಬೀಳುವ ದೋಷಗಳು. ಕಣ್ಣು ತಪ್ಪಿಸುವ ದೋಷ ಅಕ್ಷರದ ಗಾತ್ರದ್ದು. ನಾವು 1080 ಪಿಕ್ಸೆಲ್ ಅಗಲ, 1350 ಪಿಕ್ಸೆಲ್ ಎತ್ತರದ ಸ್ಲೈಡನ್ನು ದೊಡ್ಡ ಪರದೆಯಲ್ಲಿ ಮಾಡುತ್ತೇವೆ. ಓದುಗರ ಮೊಬೈಲಿನಲ್ಲಿ ಅದರ ಅಗಲ ಸುಮಾರು ಏಳು ಸೆಂಟಿಮೀಟರ್. ಇಂಗ್ಲಿಷ್ ಅಕ್ಷರ 36 ಪಿಕ್ಸೆಲ್ ಗಾತ್ರದಲ್ಲಿ ಓದಲು ಬಂದರೂ, ಅದೇ ಗಾತ್ರದ ಕನ್ನಡದಲ್ಲಿ ಕೆಳಗಿನ ಒತ್ತುಗಳು ಚುಕ್ಕೆಗಳಾಗಿಬಿಡುತ್ತವೆ. ನಾನು ಕನ್ನಡವನ್ನು 48ಕ್ಕಿಂತ ಕೆಳಗೆ ಇಳಿಸುವುದಿಲ್ಲ, ಸಾಲುಗಳ ನಡುವಿನ ಅಂತರವನ್ನು ಅಕ್ಷರ ಗಾತ್ರದ ಒಂದೂವರೆ ಪಟ್ಟಿಗೆ ಇಡುತ್ತೇನೆ. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಇದರಿಂದ ಒಂದು ಸ್ಲೈಡಿನಲ್ಲಿ ಹಿಡಿಯುವ ಮಾತು ಕಡಿಮೆಯಾಗುತ್ತದೆ ಎಂಬುದು ನಿಜ, ಮತ್ತು ಅದನ್ನು ಮೊದಲೇ ಲೆಕ್ಕ ಹಾಕಿ ಬರೆಯಬೇಕು. ಬೆಲೆ ಮತ್ತು ಫೋನ್ ಸಂಖ್ಯೆಯನ್ನು ಮಾತ್ರ ಯಾವ ಲಿಪಿಯ ಸ್ಲೈಡಿನಲ್ಲಿಯೂ 1, 2, 3 ಎಂಬ ಅಂಕಿಗಳಲ್ಲಿಯೇ ಕೊಡುತ್ತೇನೆ.

ಜಾಗ ಕಡಿಮೆ ಎಂಬ ಕಾರಣದಿಂದಲೇ, ಪ್ರತಿ ಸಾಲನ್ನೂ ಎರಡು ಲಿಪಿಯಲ್ಲಿ ಬರೆದುಬಿಡೋಣ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಎರಡೂ ಚಿಕ್ಕದಾಗುತ್ತವೆ, ಮತ್ತು ಪ್ರತಿಯೊಬ್ಬ ಓದುಗರಿಗೂ ಅರ್ಧ ಸ್ಲೈಡು ಅನವಶ್ಯಕ ಗದ್ದಲವಾಗಿ ಕಾಣುತ್ತದೆ. ತೋಟದವರಿಗಾಗಿ ಕೊನೆಗೆ ಎರಡು ಕರೋಸೆಲ್ ಮಾಡಿದೆವು. ಮೊದಲನೆಯದು ಪೂರ್ತಿ ಕನ್ನಡ ಲಿಪಿಯಲ್ಲಿ, ಆರು ಸ್ಲೈಡುಗಳು. ‘ಹುಳಿ ಇಲ್ಲ, ಬರೀ ಸಿಹಿ’ ಎಂಬ ಸಾಲು ಅಲ್ಲಿ ಯಾವ ಗೊಂದಲವೂ ಇಲ್ಲದೆ ನಿಂತಿತು. ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವ ಪೆಟ್ಟಿಗೆಗಳು, ಶಿರಸಿಯ ಮನೆಗಳು, ಕರಾವಳಿಯ ಗಿರಾಕಿಗಳು ಎಲ್ಲರಿಗೂ ಅದೇ. ಎರಡನೆಯದು ಊರು ಬಿಟ್ಟು ಬೆಳೆದ ಮಕ್ಕಳಿಗಾಗಿ, ಇಂಗ್ಲಿಷ್ ಅಕ್ಷರದಲ್ಲಿ, ನಾಲ್ಕೇ ಸ್ಲೈಡುಗಳು. ಅದರ ಮೊದಲ ಸಾಲು ಹೀಗಿತ್ತು:

```
Ajji maneya ruchi, nimma manege.
```

ಈ ಸಾಲಿನಲ್ಲಿಯೂ `mane` ಇದೆಯಲ್ಲವೇ ಎಂದು ಕೇಳಬಹುದು. ಪ್ರತ್ಯಯ ಹತ್ತಿ `maneya`, `manege` ಆದಾಗ ಇಂಗ್ಲಿಷ್ ಪದದ ಭ್ರಮೆ ಉಳಿಯುವುದಿಲ್ಲ, ಮತ್ತು ಮೊದಲ ಪದವಾದ `Ajji`ಯೇ ಇದು ಕನ್ನಡವೆಂದು ಕಣ್ಣಿಗೆ ಹೇಳಿಬಿಡುತ್ತದೆ. ಓದಿಸಿ ನೋಡಿದಾಗ ಆ ಹುಡುಗಿ ಎಲ್ಲಿಯೂ ನಿಲ್ಲಲಿಲ್ಲ.

ಸ್ಲೈಡಿನ ಕೆಳಗಿನ ವಿವರಣೆಯ ವಿಚಾರದಲ್ಲಿ ನಿಯಮ ಸ್ವಲ್ಪ ಸಡಿಲ. ಕನ್ನಡ ಓದುವವರೂ ಹುಡುಕುವಾಗ ಅನೇಕ ಸಲ `kari ishad` ಎಂದೇ ಟೈಪ್ ಮಾಡುತ್ತಾರೆ. ಇಲ್ಲಿ ಮಾತ್ರ ಟೈಪ್ ಮಾಡುವ ಅಭ್ಯಾಸವೇ ಮುಖ್ಯ. ಆದ್ದರಿಂದ ಕನ್ನಡ ಲಿಪಿಯ ಕರೋಸೆಲ್ಲಿನ ವಿವರಣೆಯಲ್ಲಿಯೂ ಹಣ್ಣಿನ ಹೆಸರನ್ನು ಮತ್ತು ಊರಿನ ಹೆಸರನ್ನು ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿದೆವು. ಕಣ್ಣು ಕಾಣದವರಿಗಾಗಿ ಚಿತ್ರಕ್ಕೆ ಕೊಡುವ ಪರ್ಯಾಯ ಪಠ್ಯವನ್ನು ಕನ್ನಡ ಲಿಪಿಯಲ್ಲಿಯೇ ಬರೆದೆವು, ಏಕೆಂದರೆ ಕನ್ನಡ ಬಲ್ಲ ಫೋನಿನ ಓದುವ ಧ್ವನಿಯು ಕನ್ನಡ ಅಕ್ಷರವನ್ನು ಕನ್ನಡವಾಗಿ ಉಚ್ಚರಿಸುತ್ತದೆ, ಇಂಗ್ಲಿಷ್ ಅಕ್ಷರದ ಕನ್ನಡವನ್ನು ಇಂಗ್ಲಿಷ್ ಪದಗಳೆಂದೇ ತಿಳಿದು ಓದುತ್ತದೆ. ಬೆಲೆ, ಸಂಪರ್ಕದ ಸಂಖ್ಯೆ ಇತ್ಯಾದಿಗಳನ್ನು ವಿವರಣೆಗೆ ಬಿಡದೆ ಸ್ಲೈಡಿನ ಮೇಲೆಯೇ ಹಾಕಿದೆವು. ನಮ್ಮ ಕಡೆ ಸ್ಲೈಡುಗಳ ಸ್ಕ್ರೀನ್‌ಶಾಟ್ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕುವುದು ರೂಢಿ, ಆಗ ವಿವರಣೆ ಹಿಂದೆಯೇ ಉಳಿದುಬಿಡುತ್ತದೆ.

ಕಾಯಿ ಹಣ್ಣು ಮಾಡುವ ವಿಧಾನ ಎರಡನೆಯ ಕರೋಸೆಲ್ಲಿನಲ್ಲಿ ಇಲ್ಲ. ಅದನ್ನು ಒಂದು ಚೀಟಿಯಲ್ಲಿ ಒಂದು ಬದಿಗೆ ಕನ್ನಡದಲ್ಲಿ, ಇನ್ನೊಂದು ಬದಿಗೆ ಇಂಗ್ಲಿಷ್ ಭಾಷೆಯಲ್ಲಿ ಅಚ್ಚು ಮಾಡಿಸಿ ಪೆಟ್ಟಿಗೆಯ ಹುಲ್ಲಿನ ಮೇಲೆ ಇಟ್ಟು ಕಳಿಸಿದರು. ಸದಾಶಿವಗಡದ ಕಡೆಯ ದೇವನಾಗರಿ ಓದುವ ಹಿರಿಯರಿಗೆ ಮಾತ್ರ ಏನೂ ಅಚ್ಚಾಗಿರಲಿಲ್ಲ. ಪೆಟ್ಟಿಗೆ ತಲುಪಿದ ದಿನ ತೋಟದ ಮನೆಯ ಅಮ್ಮನವರೇ ಅವರಿಗೆ ಫೋನ್ ಮಾಡಿ ಕೊಂಕಣಿಯಲ್ಲಿ ಎಲ್ಲವನ್ನೂ ಹೇಳಿದರು.